ಗೌಲ್ಡ್‌ನ ಗೋಲ್ಡ್‌ಬರ್ಗ್: ಅಡಿಟಿಪ್ಪಣಿಯಲ್ಲಿ ಯಾವ ವರ್ಷ, ಯಾವ ಆವೃತ್ತಿ, ಯಾರ ಹೆಸರು?

ಬಿಟ್ಟಂಗಾಲದ ಪಿಯಾನೊ

ಎಲ್ಲರಿಗೂ ನಮಸ್ಕಾರ. ಎಂ.ಎ. ಸಂಗೀತದ ಕೊನೆಯ ಸೆಮಿಸ್ಟರ್‌ಗೆ ಪ್ರಬಂಧ ಬರೀತಿದ್ದೀನಿ. ಪ್ರಬಂಧ ಇಂಗ್ಲಿಷಿನಲ್ಲಿ, ಶಿಕಾಗೊ ಶೈಲಿ, ಅಡಿಟಿಪ್ಪಣಿ ಪದ್ಧತಿ. ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಶನ್ಸ್ ಅನ್ನು ಗ್ಲೆನ್ ಗೌಲ್ಡ್ 1955ರಲ್ಲಿ ಒಮ್ಮೆ, 1981ರಲ್ಲಿ ಇನ್ನೊಮ್ಮೆ ರೆಕಾರ್ಡ್ ಮಾಡಿದ್ದು ಗೊತ್ತಲ್ಲ, ಆ ಎರಡರ ವೇಗದ ಹೋಲಿಕೆಯೇ ನನ್ನ ವಿಷಯ. ಮೊದಲನೆಯದು ಹೆಚ್ಚುಕಡಿಮೆ 38 ನಿಮಿಷ, ಎರಡನೆಯದು 51.

ಕೈಯಲ್ಲಿರೋದು ಇಷ್ಟು. ಎರಡೂ ರೆಕಾರ್ಡಿಂಗ್ ಇರುವ, 2002ರಲ್ಲಿ ಸೋನಿ ತಂದ ಮೂರು ಸಿ.ಡಿ.ಗಳ ಸೆಟ್. ಸೇನೆಯಲ್ಲಿದ್ದ ನಮ್ಮ ತಾತ ತಂದಿಟ್ಟ ಹಳೆಯ ಎಲ್‌ಪಿ, ಅದರ ಹಿಂಬದಿಯಲ್ಲಿ ಗೌಲ್ಡ್‌ನೇ ಬರೆದ ಲೈನರ್ ನೋಟ್ಸ್ ಇದೆ. ಸ್ಕೋರ್ ಎರಡು: ನೆಟ್‌ನಲ್ಲಿ ಸಿಕ್ಕ ಪಿಡಿಎಫ್ ಒಂದು, ಲೈಬ್ರರಿಯಿಂದ ತಂದ ಹೊಸ ಆವೃತ್ತಿಯ ಜೆರಾಕ್ಸ್ ಒಂದು. ಎಲ್‌ಪಿ ಕವರಿಗೆ ನಮ್ಮೂರ ಮಳೆಗಾಲದ ಬೂಷ್ಟು ಹತ್ತಿ ಕೊನೆಯ ಪ್ಯಾರಾ ಪೂರ್ತಿ ಓದೋಕಾಗಲ್ಲ.

ಗೈಡ್ ಕರಡು ವಾಪಸ್ ಕೊಟ್ಟಿದ್ದಾರೆ. ನಾನು "ಗೌಲ್ಡ್, ಸೋನಿ, 2002" ಅಂತ ಹಾಕಿದ್ದ ಕಡೆ "ಯಾವ ವರ್ಷ?", "ಬಾಖ್, 1741" ಅಂತ ಹಾಕಿದ್ದ ಕಡೆ "ಯಾವ ಆವೃತ್ತಿ?", ಲೈನರ್ ನೋಟ್ಸ್ ಉದ್ಧರಿಸಿದ್ದ ಕಡೆ "ಯಾರ ಮಾತು?" ಅಂತ ಕೆಂಪು ಪೆನ್ನಲ್ಲಿ ಬರೆದಿದ್ದಾರೆ. ಬೇರೇನೂ ಹೇಳಿಲ್ಲ. ಬಲ್ಲವರು ದಾರಿ ತೋರಿಸಿ.

ಸುಂಟಿಕೊಪ್ಪ ತೋಟ

ತಂಗೀ, ಎಲ್‌ಪಿಯನ್ನ ಬಿಸಿಲಿಗೆ ಮಾತ್ರ ಇಡಬೇಡ, ಬಾಗಿಹೋಗುತ್ತೆ. ಅಡ್ಡ ಮಲಗಿಸಲೂ ಬೇಡ, ನಿಲ್ಲಿಸಿಡು. ಕವರನ್ನ ಬೇರೆ ಮಾಡಿ, ಮೆತ್ತನೆಯ ಒಣ ಬ್ರಷ್‌ನಿಂದ ವರಾಂಡದಲ್ಲಿ ನಿಂತು ಒರೆಸು, ಮೂಗಿಗೆ ಬಟ್ಟೆ ಕಟ್ಕೊ. ಒದ್ದೆ ಬಟ್ಟೆ ಹಾಕಿದರೆ ಅಚ್ಚಿನ ಮಸಿಯೇ ಎದ್ದುಬರುತ್ತೆ. ನಮ್ಮ ಮನೆಯಲ್ಲೂ ಒಂದು ಪೆಟ್ಟಿಗೆ ಇದೆ, ಆಷಾಢ ಬಂತೆಂದರೆ ಇದೇ ಗೋಳು.

ಸೋಮವಾರಪೇಟೆ ಗಿಟಾರ್

ಅಂಕಲ್, ಅವರು ಕೇಳಿದ್ದು ಬೂಷ್ಟಿನ ವಿಷಯ ಅಲ್ಲ.

ಇದು ಸುಲಭ ಇದೆ. ಡಿಸ್ಕ್ ಹಿಂದೆ ವೃತ್ತದೊಳಗೆ ಒಂದು ಅಕ್ಷರ ಇರುತ್ತೆ, ℗ ಅಂತ, ಅದರ ಪಕ್ಕದ ವರ್ಷವೇ ರೆಕಾರ್ಡಿಂಗ್ ವರ್ಷ. ಅದನ್ನ ಹಾಕಿ. ಸ್ಕೋರ್ ಅಂದ್ರೆ ಪುಸ್ತಕ, ಪುಸ್ತಕದ ಹಾಗೇ ಹಾಕಿ. ಲೈನರ್ ನೋಟ್ಸ್ ಬಂದಿದ್ದು ಡಿಸ್ಕ್ ಜೊತೆಗೇ ಅಲ್ವಾ, ಅದಕ್ಕೆ ಬೇರೆ ಟಿಪ್ಪಣಿ ಬೇಡ. ಡಿಸ್ಕ್ ಹೆಸರು ಹಾಕಿದರೆ ಮುಗೀತು.

ಕುಶಾಲನಗರದ ಗ್ರಂಥಪಾಲಕಿ

ಸೋಮವಾರಪೇಟೆಯವರು ಹೇಳಿದ್ದರಲ್ಲಿ ಸ್ಕೋರಿನ ಮಾತು ಸರಿ. ಶಿಕಾಗೊದಲ್ಲಿ ಅಚ್ಚಾದ ಸ್ಕೋರನ್ನು ಪುಸ್ತಕದಂತೆಯೇ ಕೊಡುವುದು. ಉಳಿದ ಎರಡು ಅರ್ಧ ಸರಿ. ನಾನು ಒಂದೊಂದಾಗಿ ಬರೆಯುತ್ತೇನೆ, ಇವತ್ತು ರೆಕಾರ್ಡಿಂಗ್ ಮಾತ್ರ. ಇಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ.

℗ ಅನ್ನುವುದು ಧ್ವನಿಮುದ್ರಣದ ಹಕ್ಕಿನ ಗುರುತು. ಪಕ್ಕದ ವರ್ಷ ಸಾಮಾನ್ಯವಾಗಿ ಆ ಧ್ವನಿ ಮೊದಲು ಮಾರುಕಟ್ಟೆಗೆ ಬಂದ ವರ್ಷ. ಸ್ಟುಡಿಯೊದಲ್ಲಿ ನುಡಿಸಿದ ವರ್ಷ ಅದೇ ಆಗಿರಬೇಕಿಲ್ಲ. ಹಳೆಯ ಟೇಪನ್ನು ಹೊಸದಾಗಿ ಸಂಸ್ಕರಿಸಿ ತಂದಾಗ ಕಂಪನಿ ಹೊಸ ವರ್ಷವನ್ನೇ ಅಚ್ಚು ಹಾಕುವುದೂ ಉಂಟು. ಪಕ್ಕದಲ್ಲೇ ಇರುವ © ಕವರು, ಬರಹ, ಚಿತ್ರಗಳದ್ದು. ಇವೆರಡನ್ನು ನೋಡಿ ನುಡಿಸಿದ ದಿನ ಹೇಳಲು ಹೋದರೆ ಎಡವುತ್ತೇವೆ.

ಗೌಲ್ಡ್‌ನ ಮೊದಲ ಗೋಲ್ಡ್‌ಬರ್ಗ್ ನ್ಯೂಯಾರ್ಕ್‌ನ ಕೊಲಂಬಿಯಾ 30ನೇ ಬೀದಿ ಸ್ಟುಡಿಯೊದಲ್ಲಿ ಧ್ವನಿಮುದ್ರಣವಾದದ್ದು 1955ರ ಜೂನ್ 10ರಂದು ಮತ್ತು 14ರಿಂದ 16ರವರೆಗೆ. ಎಲ್‌ಪಿ ಹೊರಬಂದದ್ದು 1956ರ ಜನವರಿಯಲ್ಲಿ. ನೀವು ಕೇಳುತ್ತಿರುವ ಡಿಸ್ಕ್ 2002ರದು. ಮೂರೂ ನಿಜವಾದ ವರ್ಷಗಳೇ, ಕೆಲಸ ಮಾತ್ರ ಬೇರೆ ಬೇರೆ. ನಿಮ್ಮ ವಾದ ನುಡಿಸಾಣಿಕೆಯ ಬಗ್ಗೆ, ಹಾಗಾಗಿ ಓದುಗನಿಗೆ 1955 ಕಾಣಲೇಬೇಕು. ಅವನು ಅದೇ ಧ್ವನಿಯನ್ನು ಹುಡುಕಿ ಕೇಳಬೇಕಾದರೆ 2002 ಮತ್ತು ಕ್ಯಾಟಲಾಗ್ ನಂಬರ್ ಬೇಕು. 1956 ಮಾತಿನ ನಡುವೆ ಬಂದರೆ ಸಾಕು, ಟಿಪ್ಪಣಿಗೆ ಕಡ್ಡಾಯವಲ್ಲ.

```
Johann Sebastian Bach, Goldberg Variations, BWV 988,
Glenn Gould, piano, recorded June 10 and 14–16, 1955,
on A State of Wonder, Sony Classical S3K 87703, 2002,
3 compact discs, disc 1, track 8.
```

ಕೃತಿಯ ಹೆಸರು, ಆಲ್ಬಮ್ ಹೆಸರು ಎರಡೂ ಇಟಾಲಿಕ್. ಶೈಲಿ ಕೈಪಿಡಿಯಲ್ಲಿ ಸಂಯೋಜಕನಿಂದ ಶುರುಮಾಡಲೂ ಅವಕಾಶವಿದೆ, ವಾದಕನಿಂದ ಶುರುಮಾಡಲೂ ಅವಕಾಶವಿದೆ. ನಿಮ್ಮದು ಗೌಲ್ಡ್ ಕುರಿತ ಪ್ರಬಂಧ ಆದ್ದರಿಂದ ಗೌಲ್ಡ್ ಹೆಸರನ್ನೇ ಮುಂದೆ ತಂದರೂ ತಪ್ಪಿಲ್ಲ. ಒಂದನ್ನು ಹಿಡಿದರೆ ಕೊನೆಯತನಕ ಅದನ್ನೇ ಹಿಡಿಯಿರಿ.

ಟ್ರ್ಯಾಕ್ 8 ಅಂದರೆ 7ನೇ ವೇರಿಯೇಶನ್, ನೋಡಿಕೊಳ್ಳಿ. ಮೊದಲ ಟ್ರ್ಯಾಕ್ ಆರಿಯಾ, ಹಾಗಾಗಿ ಎಲ್ಲವೂ ಒಂದೊಂದು ಮುಂದೆ ಹೋಗಿರುತ್ತವೆ. ನಿಮಿಷ-ಸೆಕೆಂಡಿಗಿಂತ ವೇರಿಯೇಶನ್ ಸಂಖ್ಯೆ ಮತ್ತು ಸ್ಕೋರಿನ ಬಾರ್ ಸಂಖ್ಯೆ ಕೊಡುವುದು ಗಟ್ಟಿ. ಸೆಕೆಂಡು ಡಿಸ್ಕಿನಿಂದ ಡಿಸ್ಕಿಗೆ ಜಾರುತ್ತದೆ. ಆದರೆ 1981ರದರಲ್ಲಿ ಕೆಲವು ಕಡೆ ಮೊದಲ ಅರ್ಧವನ್ನು ಎರಡು ಸಲ ನುಡಿಸುತ್ತಾನೆ, 1955ರದರಲ್ಲಿ ಪುನರಾವರ್ತನೆಯೇ ಇಲ್ಲ. ಅಂಥ ಕಡೆ ಬಾರ್ ಸಂಖ್ಯೆಯೊಂದೇ ಸಾಲದು, ಮೊದಲ ಸಲವೋ ಎರಡನೆಯ ಸಲವೋ ಹೇಳಬೇಕು. ಒಟ್ಟು ನಿಮಿಷ ಹೋಲಿಸುವಾಗಲೂ ಇದು ನೆನಪಿರಲಿ. ಆ 13 ನಿಮಿಷದ ಅಂತರವೆಲ್ಲ ನಿಧಾನಗತಿಯಿಂದಲೇ ಬಂದದ್ದಲ್ಲ.

ಸೋಮವಾರಪೇಟೆ ಗಿಟಾರ್

ಮೇಡಂ, ಧ್ವನಿ ಒಂದೇ ಅಲ್ವಾ? 1956ರ ಎಲ್‌ಪಿ ಆದ್ರೇನು, 2002ರ ಸಿ.ಡಿ. ಆದ್ರೇನು, ಮೊಬೈಲ್ ಆ್ಯಪ್ ಆದ್ರೇನು? ಯಾವುದರಿಂದ ಕೇಳಿದೆ ಅಂತ ಯಾಕೆ ಹೇಳಬೇಕು? ಸುಮ್ನೆ ಪಾಂಡಿತ್ಯ ಪ್ರದರ್ಶನ ಅನ್ಸುತ್ತೆ.

ಕುಶಾಲನಗರದ ಗ್ರಂಥಪಾಲಕಿ

ಒಂದೇ ಅಲ್ಲ ಮರಿ, ಈ ಸೆಟ್‌ನಲ್ಲೇ ಸಾಕ್ಷಿ ಇದೆ. 1981ರಲ್ಲಿ ಸ್ಟುಡಿಯೊದವರು ಡಿಜಿಟಲ್ ಯಂತ್ರದ ಜೊತೆಗೆ ಅನಲಾಗ್ ಟೇಪನ್ನೂ ಓಡಿಸಿದ್ದರು. 1982ರಲ್ಲಿ ಬಂದದ್ದು ಡಿಜಿಟಲ್ ಮಾಸ್ಟರ್. 2002ರ ಸೆಟ್‌ಗೆ ಅನಲಾಗ್ ಟೇಪನ್ನು ತೆಗೆದುಕೊಂಡರು. ನುಡಿಸಾಣಿಕೆ ಅದೇ, ಕಿವಿಗೆ ಬೀಳುವ ಧ್ವನಿ ಬೇರೆ. 1955ರದ್ದೂ ಅಷ್ಟೇ: ಮೂಲ ಮೋನೊ, ಆಮೇಲೆ ಅದನ್ನು ಕೃತಕವಾಗಿ ಸ್ಟೀರಿಯೊ ಮಾಡಿ ಮಾರಿದ ಎಲ್‌ಪಿಗಳೂ ಇವೆ. ವೇಗದ ಬಗ್ಗೆ ಬರೆಯುವವರಿಗೆ ಅಷ್ಟು ತೊಂದರೆ ಇಲ್ಲ. ಸ್ಪರ್ಶ, ನಾದ, ಗೌಲ್ಡ್‌ನ ಗುನುಗು ಇವುಗಳ ಬಗ್ಗೆ ಒಂದು ವಾಕ್ಯ ಬರೆದರೂ ಯಾವ ಡಿಸ್ಕ್ ಅನ್ನುವುದು ಸಾಕ್ಷ್ಯವಾಗುತ್ತದೆ.

ಪೊನ್ನಂಪೇಟೆ ಎಪಿಎ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಾನು ಸಂಗೀತ ಮತ್ತು ಮನಶ್ಶಾಸ್ತ್ರ ಸೇರಿಸಿ ಬರೀತಿರೋದು, ನಮ್ಮಲ್ಲಿ ಎಪಿಎ 7ನೇ ಆವೃತ್ತಿ. ಅದರಲ್ಲಿ ವರ್ಷದ ಜಾಗ ಒಂದೇ. ಕೊನೆಗೆ ಮೂಲ ಕೃತಿ ಪ್ರಕಟವಾದ ವರ್ಷ ಹಾಕ್ಬೇಕು. ಅಂದ್ರೆ ಬಾಖ್ (2002), ಕೊನೆಗೆ 1741. ಗೌಲ್ಡ್ ಹೆಸರು ಚೌಕ ಆವರಣದಲ್ಲಿ ಬರುತ್ತೆ. 1955ಕ್ಕೆ ಜಾಗವೇ ಇಲ್ಲ! ನಾನು ಹೋಲಿಸ್ತಿರೋ ಎರಡೂ ಒಂದೇ ಸೆಟ್‌ನಲ್ಲಿದ್ರೆ ಏನ್ಮಾಡೋದು?

ಕುಶಾಲನಗರದ ಗ್ರಂಥಪಾಲಕಿ

ಜಾಗವಿಲ್ಲದ್ದನ್ನು ವಾಕ್ಯದೊಳಗೆ ಹೇಳಬೇಕು. "1955ರ ಜೂನ್‌ನ ಧ್ವನಿಮುದ್ರಣದಲ್ಲಿ" ಅಂತ ಬರೆದು, ಆಮೇಲೆ ಆವರಣದಲ್ಲಿ ಬಾಖ್, 1741/2002 ಮತ್ತು ಡಿಸ್ಕ್, ಟ್ರ್ಯಾಕ್. ಎರಡಕ್ಕೂ ಸೂಚಿಯಲ್ಲಿ ನಮೂದು ಒಂದೇ ಆದರೂ ಡಿಸ್ಕ್ ಸಂಖ್ಯೆಯಿಂದ ಬೇರೆಯಾಗುತ್ತದೆ. ಎಂಎಲ್ಎಯಲ್ಲಿ ಇಷ್ಟು ಕಷ್ಟವಿಲ್ಲ, ಶೀರ್ಷಿಕೆಯ ಪಕ್ಕದಲ್ಲೇ ಮೂಲ ವರ್ಷ ಸೇರಿಸಲು ಬಿಡುತ್ತಾರೆ.

ಕುಶಾಲನಗರದ ಗ್ರಂಥಪಾಲಕಿ

ಈಗ ಸ್ಕೋರ್. ಬಿಟ್ಟಂಗಾಲದವರೇ, "ಬಾಖ್, 1741" ಅಂತ ಹಾಕಿದ್ದೀರಿ. 1741 ನ್ಯೂರೆಂಬರ್ಗ್‌ನ ಬಾಲ್ತಸರ್ ಶ್ಮಿಡ್ ಅಚ್ಚು ಹಾಕಿದ ಮೊದಲ ಮುದ್ರಣದ ವರ್ಷ. ಆ ಮುದ್ರಣ ನೀವು ನೋಡಿಲ್ಲ. ನಿಮ್ಮ ಪಿಡಿಎಫ್‌ನ ಮೊದಲ ಪುಟ ನೋಡಿ, ಪ್ರಕಾಶಕರು ಯಾರು? ಸ್ಕೋರಿನಿಂದ ಯಾವ ವಿಷಯ ತೆಗೆದುಕೊಂಡಿದ್ದೀರಿ, ಆ ವಾಕ್ಯವನ್ನೂ ಇಲ್ಲಿ ಹಾಕಿ.

ಬಿಟ್ಟಂಗಾಲದ ಪಿಯಾನೊ

ಪಿಡಿಎಫ್‌ನಲ್ಲಿ ಬಾಖ್ ಗೆಸೆಲ್‌ಶಾಫ್ಟ್, 3ನೇ ಸಂಪುಟ, ಲೈಪ್‌ಜಿಗ್, 1853 ಅಂತ ಇದೆ. ಜೆರಾಕ್ಸ್ ಬೇರೆನ್‌ರೈಟರ್, ನೊಯೆ ಬಾಖ್ ಆವುಸ್‌ಗಾಬೆ, 1977, ಸಂಪಾದಕ ಕ್ರಿಸ್ಟೋಫ್ ವೋಲ್ಫ್.

ವಾಕ್ಯದ ಸಾರಾಂಶ ಇದು: 7ನೇ ವೇರಿಯೇಶನ್ನಿನ ಮೇಲೆ ಬಾಖ್ "ಅಲ್ ತೆಂಪೊ ದಿ ಜೀಗ" ಅಂತ ಸ್ಪಷ್ಟವಾಗಿ ಬರೆದಿದ್ದರೂ 1955ರಲ್ಲಿ ಗೌಲ್ಡ್ ಆ ಸೂಚನೆಯನ್ನು ಕಡೆಗಣಿಸಿದ. ಇದಕ್ಕೇ ನಾನು 1741 ಅಂತ ಟಿಪ್ಪಣಿ ಹಾಕಿದ್ದು.

ಕುಶಾಲನಗರದ ಗ್ರಂಥಪಾಲಕಿ

ಆ ನಾಲ್ಕು ಪದ ನಿಮ್ಮ 1853ರ ಪಿಡಿಎಫ್‌ನಲ್ಲಿದೆಯಾ ನೋಡಿ.

ಬಿಟ್ಟಂಗಾಲದ ಪಿಯಾನೊ

ಅಯ್ಯೋ, ಇಲ್ಲ! ಜೆರಾಕ್ಸ್‌ನಲ್ಲಿ ಮಾತ್ರ ಇದೆ.

ಕುಶಾಲನಗರದ ಗ್ರಂಥಪಾಲಕಿ

ಇರುವುದಿಲ್ಲ. ಬಾಖ್ ತನ್ನ ಸ್ವಂತಕ್ಕೆ ಇಟ್ಟುಕೊಂಡಿದ್ದ ಅಚ್ಚಿನ ಪ್ರತಿಯಲ್ಲಿ ಕೈಯಾರೆ ತಿದ್ದುಪಡಿ ಮಾಡಿದ್ದ. ಆ ಪ್ರತಿ ಬೆಳಕಿಗೆ ಬಂದದ್ದು 1974ರಲ್ಲಿ, ಸ್ಟ್ರಾಸ್‌ಬರ್ಗ್‌ನಲ್ಲಿ. 7ನೇ ವೇರಿಯೇಶನ್ನಿನ ಜೀಗ್ ಸೂಚನೆ, 25ನೆಯದರ "ಅದಾಜೊ" ಎರಡೂ ಅದರಿಂದ ಬಂದವು. ಅದೇ ಪ್ರತಿಯ ಕೊನೆಯಲ್ಲಿ ಬಾಖ್ ಬರೆದಿಟ್ಟ 14 ಕ್ಯಾನನ್‌ಗಳೂ ಸಿಕ್ಕವು, ಅವಕ್ಕೆ ಬಿಡಬ್ಲ್ಯುವಿ 1087 ಅಂತ ಸಂಖ್ಯೆ ಕೊಟ್ಟರು. 1977ರ ಆವೃತ್ತಿ ಇದನ್ನೆಲ್ಲ ಒಳಗೊಂಡಿದೆ.

ಅಂದಮೇಲೆ 1955ರ ಜೂನ್‌ನಲ್ಲಿ ಸ್ಟುಡಿಯೊದಲ್ಲಿ ಕೂತ ಗೌಲ್ಡ್ ಮುಂದೆ ಯಾವ ಆವೃತ್ತಿ ಇದ್ದರೂ ಅದರಲ್ಲಿ ಆ ಸೂಚನೆ ಬಾಖ್‌ನದಾಗಿ ಇರಲು ಸಾಧ್ಯವಿರಲಿಲ್ಲ. ಇಲ್ಲದ್ದನ್ನು ಕಡೆಗಣಿಸುವುದು ಹೇಗೆ? ನಿಮ್ಮ ಗೈಡ್ "ಯಾವ ಆವೃತ್ತಿ?" ಅಂತ ಕೇಳಿದ್ದರ ಹಿಂದೆ ಇದೇ ಇರಬೇಕು.

```
Johann Sebastian Bach, Vierter Teil der Klavierübung,
ed. Christoph Wolff, Neue Bach-Ausgabe, ser. 5, vol. 2
(Kassel: Bärenreiter, 1977), var. 7.
```

ಪಿಡಿಎಫ್ ಬಳಸಿದ ಕಡೆ ಆ ವೆಬ್‌ಸೈಟ್ ಹೆಸರಷ್ಟೇ ಹಾಕಿ ಬಿಡಬೇಡಿ. ಸ್ಕ್ಯಾನ್ ಆದದ್ದು 1853ರ ಸಂಪುಟ, ಅದನ್ನು ಮೊದಲು ಬರೆದು ಕೊಂಡಿ ಕೊನೆಗೆ ಕೊಡಿ. ಅದೇ ಸೈಟಿನಲ್ಲಿ ಒಂದೇ ಕೃತಿಗೆ ಹತ್ತಾರು ಆವೃತ್ತಿಗಳಿರುತ್ತವೆ, ಸೈಟಿನ ಹೆಸರು ನೋಡಿದವರಿಗೆ ಯಾವುದು ಅಂತ ತಿಳಿಯುವುದಿಲ್ಲ.

ಬಿಟ್ಟಂಗಾಲದ ಪಿಯಾನೊ

ಅಕ್ಕಾ, ಹಾಗಾದ್ರೆ ಆ ಇಡೀ ಪ್ಯಾರಾ ತೆಗೆದುಹಾಕ್ಬೇಕಾ? 1981ಕ್ಕೆ ಆದ್ರೂ ಆ ವಾದ ನಿಲ್ಲುತ್ತಲ್ವಾ? 1977ರ ಆವೃತ್ತಿ ಅಷ್ಟೊತ್ತಿಗೆ ಬಂದಿತ್ತು.

ಕುಶಾಲನಗರದ ಗ್ರಂಥಪಾಲಕಿ

ಬಂದಿತ್ತು ಅನ್ನುವುದು ಬೇರೆ, ಅವನು ನೋಡಿದ್ದ ಅನ್ನುವುದು ಬೇರೆ. ಅವನು ಅದನ್ನು ಬಳಸಿದ್ದಕ್ಕೆ ಪತ್ರವೋ ಸಂದರ್ಶನವೋ ಸಿಕ್ಕರೆ ವಾದಿಸಿ. ಸಿಗದಿದ್ದರೆ "1977ರ ಆವೃತ್ತಿಯ ಸೂಚನೆಯ ಬೆಳಕಿನಲ್ಲಿ ಎರಡೂ ನುಡಿಸಾಣಿಕೆಗಳನ್ನು ಕೇಳಿದರೆ" ಅಂತ ಶುರುಮಾಡಿ. ಆಗ ಅದು ನಿಮ್ಮ ಕೇಳ್ಮೆಯ ಮಾತಾಗುತ್ತದೆ, ಗೌಲ್ಡ್ ಮೇಲಿನ ಆರೋಪ ಆಗುವುದಿಲ್ಲ. ಪ್ಯಾರಾ ಉಳಿಯುತ್ತದೆ.

ಮಡಿಕೇರಿ ನಿವೃತ್ತ ಮೇಷ್ಟ್ರು

ಈ ಚರ್ಚೆ ಚೆನ್ನಾಗಿದೆ. ಲೈನರ್ ನೋಟ್ಸ್ ಬಗ್ಗೆ ನನ್ನದೊಂದು ತಕರಾರು. ರೆಕಾರ್ಡ್ ಕವರಿನ ಹಿಂದಿನ ಬರಹ ಮಾಲು ಮಾರಲು ಬರೆದದ್ದು. ಅದನ್ನು ಪ್ರೌಢ ಪ್ರಬಂಧದಲ್ಲಿ ಉದ್ಧರಿಸುವುದೇ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಪತ್ರಿಕೆಯಲ್ಲಿ ಬಂದ ಲೇಖನವನ್ನು ಯಾರಾದರೂ ತಿದ್ದಿರುತ್ತಾರೆ, ಪರಿಶೀಲಿಸಿರುತ್ತಾರೆ. ಇದನ್ನು ಯಾರು ಪರಿಶೀಲಿಸಿದರು?

ಕುಶಾಲನಗರದ ಗ್ರಂಥಪಾಲಕಿ

ಮೇಷ್ಟ್ರೇ, ಕಂಪನಿಯವರು ಯಾರೋ ಬರೆದ ಬರಹವಾಗಿದ್ದರೆ ನಿಮ್ಮ ಮಾತಿಗೆ ನಾನೂ ತಲೆದೂಗುತ್ತಿದ್ದೆ. ಬಾಖ್‌ನ ಜೀವನದ ಬಗ್ಗೆ ಕವರ್ ನೋಡಿ ಬರೆಯಬಾರದು. ಆದರೆ ಇಲ್ಲಿ ಬರೆದವನು ನುಡಿಸಿದವನೇ. ಆ ವಯಸ್ಸಿನಲ್ಲಿ ಈ ಕೃತಿಯನ್ನು ಅವನು ಹೇಗೆ ಕಂಡ ಅನ್ನುವುದಕ್ಕೆ ಅದಕ್ಕಿಂತ ಹತ್ತಿರದ ಸಾಕ್ಷ್ಯ ಎಲ್ಲಿ ಸಿಗುತ್ತದೆ? ಅದಕ್ಕೇ ಡಿಸ್ಕಿನ ಟಿಪ್ಪಣಿಯೊಳಗೆ ಅದನ್ನು ಮುಳುಗಿಸಬಾರದು, ಲೇಖಕನ ಹೆಸರಿನಿಂದಲೇ ಬೇರೆ ಟಿಪ್ಪಣಿ ಬೇಕು. "ಯಾರ ಮಾತು?" ಅಂತ ಗೈಡ್ ಕೇಳಿದ್ದಕ್ಕೆ ಉತ್ತರ ಇದು:

```
Glenn Gould, liner notes to Johann Sebastian Bach,
The Goldberg Variations, Columbia Masterworks ML 5060,
1956, LP.
```

ಇಲ್ಲಿ ವರ್ಷ 1956. ಬರಹ ಹೊರಬಂದದ್ದು ಎಲ್‌ಪಿ ಜೊತೆ, ಅದಕ್ಕೂ ಜೂನ್‌ನ ಧ್ವನಿಮುದ್ರಣ ದಿನಾಂಕಕ್ಕೂ ಸಂಬಂಧವಿಲ್ಲ. ಬರಹಕ್ಕೆ ಪ್ರತ್ಯೇಕ ಶೀರ್ಷಿಕೆ ಇದ್ದರೆ ಉದ್ಧರಣ ಚಿಹ್ನೆಯಲ್ಲಿ ಹಾಕಬೇಕು. ಎಲ್‌ಪಿಯ ಹಿಂಬದಿಗೆ ಪುಟಸಂಖ್ಯೆ ಇರುವುದಿಲ್ಲ, ಸುಮ್ಮನೆ ಒಂದು ಸಂಖ್ಯೆ ಹುಟ್ಟಿಸಬೇಡಿ. ಸಿ.ಡಿ. ಬುಕ್‌ಲೆಟ್‌ಗೆ ಸಾಮಾನ್ಯವಾಗಿ ಇರುತ್ತದೆ, ಇದ್ದರೆ ಕೊಡಿ.

ಬೂಷ್ಟು ತಿಂದ ಪ್ಯಾರಾ ವಿಷಯ. ನೀವು ಉದ್ಧರಿಸಬೇಕೆಂದಿರುವುದು ಆದಿಯೂ ಇಲ್ಲದ ಅಂತ್ಯವೂ ಇಲ್ಲದ ಸಂಗೀತ ಅನ್ನುವ ಅರ್ಥದ ಸಾಲು ತಾನೆ?

ಬಿಟ್ಟಂಗಾಲದ ಪಿಯಾನೊ

ಹೌದು, ಅದೇ! ನೆಟ್‌ನಲ್ಲಿ ಸಾವಿರ ಕಡೆ ಇದೆ. ಅಲ್ಲಿಂದ ತಗೊಂಡು ಎಲ್‌ಪಿ ಟಿಪ್ಪಣಿ ಹಾಕಿದ್ದೆ.

ಕುಶಾಲನಗರದ ಗ್ರಂಥಪಾಲಕಿ

ಆ ಸಾವಿರ ಕಡೆಯಲ್ಲಿ ಪದಗಳು ಒಂದೇ ಥರ ಇವೆಯಾ ಹೋಲಿಸಿ ನೋಡಿ, ಆಮೇಲೆ ಮಾತಾಡೋಣ. ಆ ಬರಹ 1984ರಲ್ಲಿ ಕ್ನಾಫ್ ಪ್ರಕಟಿಸಿದ, ಟಿಮ್ ಪೇಜ್ ಸಂಪಾದಿಸಿದ ಗೌಲ್ಡ್ ಬರಹಗಳ ಸಂಕಲನದಲ್ಲಿ ಮರುಮುದ್ರಣ ಆಗಿದೆ. ಅದರ ಹೆಸರು The Glenn Gould Reader. ಪುಸ್ತಕ ತರಿಸಿ ಆ ಪುಟದಿಂದ ಉದ್ಧರಿಸಿ. ಟಿಪ್ಪಣಿಯಲ್ಲಿ ಪುಸ್ತಕ ಮೊದಲು, ಪುಟಸಂಖ್ಯೆಯ ಸಮೇತ. ಆಮೇಲೆ "ಮೊದಲು 1956ರ ಎಲ್‌ಪಿಯ ಲೈನರ್ ನೋಟ್ಸ್ ಆಗಿ ಪ್ರಕಟ" ಅಂತ ಸೇರಿಸಿ.

ಎಲ್‌ಪಿಯಲ್ಲಿ ಓದಲು ಬರುವ ಪ್ಯಾರಾಗಳನ್ನು ಪುಸ್ತಕದ ಪಾಠದೊಂದಿಗೆ ಸಾಲುಸಾಲಾಗಿ ಒಪ್ಪಿಟ್ಟು ನೋಡಿ. ಸಂಪಾದಕರು ಅಲ್ಪಸ್ವಲ್ಪ ತಿದ್ದುವುದುಂಟು. ವ್ಯತ್ಯಾಸ ಸಿಕ್ಕರೆ ಅದನ್ನೂ ಟಿಪ್ಪಣಿಯಲ್ಲಿ ಹೇಳಿ. ನಿಮ್ಮ ತಾತನ ಕವರಿಗೆ ಅಲ್ಲಿ ನಿಜವಾದ ಉಪಯೋಗ ಇದೆ.

ಮಡಿಕೇರಿ ನಿವೃತ್ತ ಮೇಷ್ಟ್ರು

ಪುಸ್ತಕರೂಪದಲ್ಲಿ ಬಂದಿದ್ದರೆ ಅಡ್ಡಿಯಿಲ್ಲ. ಕವರಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಕಕ್ಕಬ್ಬೆ ದುಡಿ

ನಮ್ಮದೂ ಹೇಳ್ಲಾ? ನಾನು ಪುತ್ತರಿ ಸಮಯದಲ್ಲಿ ಊರ ಮಂದಲ್ಲಿ ದುಡಿಕೊಟ್ಟ್ ಪಾಟ್ ಫೋನಲ್ಲಿ ರೆಕಾರ್ಡ್ ಮಾಡಿದ್ದೀನಿ, ನಾಲ್ಕು ಜನ ಹಾಡಿದ್ದು. ಅದರ ಮೇಲೆ ಒಂದು ಲೇಖನ ಬರೀಬೇಕು. ಹಾಡಿನ ಸಾಲು ಪಟ್ಟೋಲೆ ಪಳಮೆಯಲ್ಲಿ ಇದೆ, ಆದರೆ ಇವರು ಹಾಡೋದು ಅಲ್ಲಲ್ಲಿ ಬೇರೆ. ಪುಸ್ತಕದ ಹೆಸರು ಹಾಕಿದರೆ ಸಾಕಲ್ವಾ? ಎಲ್‌ಪಿ ಇಲ್ಲ, ನಂಬರ್ ಇಲ್ಲ, ಕಂಪನಿ ಇಲ್ಲ.

ಸೋಮವಾರಪೇಟೆ ಗಿಟಾರ್

ಪುಸ್ತಕ ಸಾಕು ಅಣ್ಣ. ಹಾಡು ಅದೇ ಅಲ್ವಾ.

ಕುಶಾಲನಗರದ ಗ್ರಂಥಪಾಲಕಿ

ಸಾಲದು. ಪುಸ್ತಕ ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ಪಾಠಕ್ಕೆ ಸಾಕ್ಷ್ಯ. ನಿಮ್ಮ ಊರ ಮಂದಲ್ಲಿ ಹಾಡಿದ್ದಕ್ಕೆ ಸಾಕ್ಷ್ಯ ನಿಮ್ಮ ಫೋನು. ಎರಡಕ್ಕೂ ಬೇರೆ ಬೇರೆ ಟಿಪ್ಪಣಿ. ನೀವು 2003ರ ಇಂಗ್ಲಿಷ್ ಅನುವಾದ ನೋಡಿಕೊಂಡು ಬರೆಯುತ್ತಿದ್ದರೆ ಅದನ್ನು 1924 ಅಂತ ಹಾಕಬೇಡಿ, ಅನುವಾದದ ವರ್ಷವನ್ನೇ ಹಾಕಿ.

ನಿಮ್ಮ ರೆಕಾರ್ಡಿಂಗ್ ಅಪ್ರಕಟಿತ. ಹಾಡಿದವರು, ಹಾಡಿನ ಮೊದಲ ಸಾಲು, ಊರು, ತಾರೀಕು, ರೆಕಾರ್ಡ್ ಮಾಡಿದವರು, ಫೈಲು ಈಗ ಯಾರ ಹತ್ತಿರ ಇದೆ, ಇಷ್ಟು ಬರೆದರೆ ಕ್ಯಾಟಲಾಗ್ ನಂಬರಿನ ಕೆಲಸ ಆಗುತ್ತದೆ. ಫೋನಿನಲ್ಲೇ ಬಿಟ್ಟರೆ ಬೇರೆಯವರು ಕೇಳುವ ದಾರಿಯಿಲ್ಲ. ಗುರುಗ್ರಾಮದಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಜನಾಂಗ ಸಂಗೀತ ದಾಖಲೆ ಕೇಂದ್ರ ಇದೆ, 1982ರಿಂದ ಕ್ಷೇತ್ರ ಧ್ವನಿಮುದ್ರಣಗಳನ್ನು ಕಾಪಾಡುತ್ತಿದ್ದಾರೆ. ಅಂಥ ಕಡೆ ಒಪ್ಪಿಸಿದರೆ ಅವರ ಸಂಖ್ಯೆ ಕೊಟ್ಟು ಟಿಪ್ಪಣಿ ಬರೆಯಬಹುದು.

ಕಕ್ಕಬ್ಬೆ ದುಡಿ

ನಾಲ್ಕು ಜನರಲ್ಲಿ ಒಬ್ಬರು ಹೆಸರು ಬೇಡ ಅಂತಾರೆ. ದೇವರ ಮುಂದೆ, ಊರ ಮಂದಲ್ಲಿ ಹಾಡೋದಕ್ಕೆ ನನ್ನ ಹೆಸರು ಯಾಕೆ ಅಂತ. ಉಳಿದ ಮೂವರಿಗೆ ಹೆಸರು ಬರಬೇಕು ಅಂತ ಆಸೆ.

ಮಡಿಕೇರಿ ನಿವೃತ್ತ ಮೇಷ್ಟ್ರು

ಮೂವರ ಹೆಸರು ಹಾಕಿ, ನಾಲ್ಕನೆಯವರನ್ನು "ಮತ್ತೊಬ್ಬರು" ಎನ್ನಿ. ಅದರಲ್ಲೇನು?

ಕಕ್ಕಬ್ಬೆ ದುಡಿ

ಮೂವರ ಹೆಸರು ಕಂಡರೆ ನಮ್ಮೂರಲ್ಲಿ ನಾಲ್ಕನೆಯವರು ಯಾರು ಅಂತ ಚಿಕ್ಕ ಮಕ್ಕಳೂ ಹೇಳ್ತಾರೆ ಸಾರ್.

ಕುಶಾಲನಗರದ ಗ್ರಂಥಪಾಲಕಿ

ಅದು ನಿಜ. "ಇಂಥ ಊರಿನ ನಾಲ್ವರು ಗಾಯಕರು" ಅಂತ ಹಾಕಿ ಮೂವರನ್ನು ಕೃತಜ್ಞತೆಯಲ್ಲಿ ಬೇರೆ ಸಂದರ್ಭಕ್ಕೆ ನೆನೆಯಬಹುದು. ಆದರೆ ಹಾಡಿದ್ದಕ್ಕೆ ಸಲ್ಲಬೇಕಾದ ಹೆಸರು ಅಲ್ಲಿಗೆ ಹೋದರೆ ಆ ಮೂವರಿಗೆ ಅನ್ಯಾಯ ಅನ್ನಿಸುತ್ತದೆ. ಕೈಪಿಡಿಗಳಲ್ಲಿ ಇದಕ್ಕೆ ಸಾಲು ಹುಡುಕಬೇಡಿ, ನಾಲ್ವರನ್ನೂ ಒಟ್ಟಿಗೆ ಕೂರಿಸಿ ಕೇಳಿ.

ಬಿಟ್ಟಂಗಾಲದ ಪಿಯಾನೊ

ಅಕ್ಕಾ, ಮೂರೂ ಟಿಪ್ಪಣಿ ತಿದ್ದಿ ಕಳಿಸಿದೆ. ಇನ್ನೊಂದೇ ಉಳಿದಿರೋದು: ಕೊನೆಗೆ ಗ್ರಂಥಸೂಚಿಯೊಳಗೇ ಡಿಸ್ಕ್‌ಗಳನ್ನು ಸೇರಿಸ್ಲಾ, ಇಲ್ಲಾ ಡಿಸ್ಕೋಗ್ರಫಿ ಅಂತ ಬೇರೆ ಪಟ್ಟಿ ಮಾಡ್ಲಾ?

ಕುಶಾಲನಗರದ ಗ್ರಂಥಪಾಲಕಿ

ಶಿಕಾಗೊ ಎರಡನ್ನೂ ಒಪ್ಪುತ್ತದೆ. ಎರಡೇ ಡಿಸ್ಕ್ ಇದ್ದರೆ ಬೇರೆ ಪಟ್ಟಿ ಯಾಕೆ ಅಂತ ನಾನಾದರೆ ಕೇಳುತ್ತೇನೆ. ನಿಮ್ಮ ವಿಭಾಗದಲ್ಲಿ ಹಿಂದೆ ಒಪ್ಪಿಗೆಯಾದ ಪ್ರಬಂಧ ಒಂದನ್ನು ತೆಗೆದು ಅವರು ಏನು ಮಾಡಿದ್ದಾರೆ ನೋಡಿ. ಬೇರೆ ಪಟ್ಟಿ ಮಾಡಿದರೆ ಲೈನರ್ ನೋಟ್ಸ್ ಮಾತ್ರ ಗ್ರಂಥಸೂಚಿಯಲ್ಲೇ ಇರಲಿ, ಗೌಲ್ಡ್ ಹೆಸರಿನಡಿ. ಅದು ಓದುವ ವಸ್ತು.

ಸುಂಟಿಕೊಪ್ಪ ತೋಟ

ಕವರ್ ಒರೆಸಿದೆಯಾ ತಂಗೀ? ಒರೆಸೋ ಮೊದಲು ಆ ಹಿಂಬದಿಯದ್ದು ಒಂದು ಫೋಟೊ ತೆಗೆದಿಡು.